ಮೇಯನೇಸ್‌ನ ಕ್ಯಾಲರಿ ಲೆಕ್ಕಕ್ಕೆ ಸಿಗುವುದು ಹೇಗೆ?

ಪ್ರಶ್ನೆ: ರಾತ್ರಿ ಬರೀ ಹಸಿ ತರಕಾರಿ ತಿನ್ನುತ್ತೇನೆ, ಮೇಲೆ ಸ್ವಲ್ಪ ಮೇಯನೇಸ್ ಅಷ್ಟೇ. ಅದನ್ನೂ ಲೆಕ್ಕ ಹಾಕಬೇಕೇ? (ವಿಜಯಪುರ)

ಉತ್ತರ: ಖಂಡಿತ ಹಾಕಬೇಕು. ನಿಮ್ಮ ತಟ್ಟೆಯಲ್ಲಿ ಹೆಚ್ಚು ಕ್ಯಾಲರಿ ಇರುವುದೇ ಅದರಲ್ಲಿ. ಸಾಮಾನ್ಯ ಮೇಯನೇಸ್‌ನ ಬಹುಪಾಲು ಎಣ್ಣೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋಕ್ಯಾಲರಿ ಇರುತ್ತದೆ.

ಚಮಚದ ಅಳತೆಯನ್ನು ನಂಬಬೇಡಿ, ತುಂಬಿ ತುಳುಕುವ ಚಮಚದಲ್ಲಿ ಎರಡರಷ್ಟು ಬರಬಹುದು. ಅಡುಗೆಮನೆಯ ತಕ್ಕಡಿಯ ಮೇಲೆ ಬಾಟಲಿಯನ್ನು ಬಳಸುವ ಮೊದಲು, ಬಳಸಿದ ಮೇಲೆ ತೂಗಿ. ಮೊದಲು 412 ಗ್ರಾಂ, ಆಮೇಲೆ 382 ಗ್ರಾಂ ಇದ್ದರೆ ತಟ್ಟೆಗೆ ಬಿದ್ದದ್ದು 30 ಗ್ರಾಂ. ಲೇಬಲ್‌ನಲ್ಲಿ 100 ಗ್ರಾಂಗೆ 680 ಕಿಲೋಕ್ಯಾಲರಿ ಎಂದಿದ್ದರೆ, 30 × 680 ÷ 100 = 204. ಸೌತೆಕಾಯಿ, ಗಜ್ಜರಿ ತಲಾ 100 ಗ್ರಾಂ ಸೇರಿದರೂ ಸುಮಾರು 55 ಮಾತ್ರ. ಒಟ್ಟು 260ರ ಸಮೀಪ.

ಲೇಬಲ್‌ನಲ್ಲಿ ‘ಒಂದು ಬಾರಿಯ ಪ್ರಮಾಣ’ದ ಅಂಕಣ ಬಿಟ್ಟು 100 ಗ್ರಾಂನ ಅಂಕಣವನ್ನೇ ನೋಡಿ, ಮೊಟ್ಟೆರಹಿತ, ಕಡಿಮೆ ಕೊಬ್ಬಿನ ಬಗೆಗಳಲ್ಲಿ ಅಂಕಿ ತೀರಾ ಬೇರೆ. ಟೊಮೆಟೊ ಕೆಚಪ್‌ನಲ್ಲಿ ಸಕ್ಕರೆಯಿದ್ದರೂ ಒಂದು ದೊಡ್ಡ ಚಮಚಕ್ಕೆ ಸುಮಾರು 15ರಿಂದ 20 ಕಿಲೋಕ್ಯಾಲರಿ ಅಷ್ಟೇ. ರೊಟ್ಟಿಯ ಜೊತೆ ಶೇಂಗಾ ಚಟ್ನಿಗೆ ಸುರಿಯುವ ಎಣ್ಣೆಯನ್ನೂ ದಯವಿಟ್ಟು ತೂಗಿ: 10 ಗ್ರಾಂಗೆ 90 ಕಿಲೋಕ್ಯಾಲರಿ.