ತೊಟ್ಟಿಮನೆಯ ಮಾಡ್ಯುಲರ್ ಕಿಟ್‌ಗೆ ಟ್ರಿಮ್ ಶೀಟ್: ಮೊದಲು ಅಳತೆ, ಆಮೇಲೆ ಬಣ್ಣ

"ಗೇಮ್‌ಗೋಸ್ಕರ ಬ್ಲೆಂಡರ್‌ನಲ್ಲಿ ತೊಟ್ಟಿಮನೆಯ ಮಾಡ್ಯುಲರ್ ಕಿಟ್ ಮಾಡ್ತಿದ್ದೀನಿ. 30 ತುಂಡುಗಳಿವೆ. ಒಂದೊಂದಕ್ಕೂ ಬೇರೆ 2K ಟೆಕ್ಸ್ಚರ್ ಮಾಡ್ತಾ ಕೂತ್ರೆ ಮುಗಿಯೋದೇ ಇಲ್ಲ. ಟ್ರಿಮ್ ಶೀಟ್ ಮಾಡು ಅಂತಾರೆ. ಯಾವುದು ಟ್ರಿಮ್‌ಗೆ, ಯಾವುದು ಟೈಲಿಂಗ್‌ಗೆ? ಎಲ್ಲಿಂದ ಶುರು ಮಾಡ್ಲಿ?"

ಅಳತೆಯಿಂದ ಶುರು ಮಾಡಿ. ನಾನು ಮೊದಲ ಸಲ ಇಂಥ ಕಿಟ್ ಮಾಡಿದಾಗ ಗೋಡೆಯ ತುಂಡು 3 ಮೀಟರ್ ಅಗಲ ಇತ್ತು, ಗಾರೆಯ ಟೆಕ್ಸ್ಚರ್ 4 ಮೀಟರ್‌ನದು. ಒಂದೇ ತುಂಡು ನೋಡಿದರೆ ಚೆನ್ನಾಗಿಯೇ ಇತ್ತು. ಎರಡನ್ನು ಪಕ್ಕಪಕ್ಕ ಇಟ್ಟ ಕೂಡಲೇ ನಡುವೆ ನೆಟ್ಟಗೆ ಒಂದು ಗೆರೆ ಕಾಣಿಸಿತು. ಮೊದಲನೆಯ ತುಂಡು ಟೆಕ್ಸ್ಚರ್‌ನ ಮುಕ್ಕಾಲು ಭಾಗಕ್ಕೆ ಮುಗಿಯುತ್ತಿತ್ತು, ಎರಡನೆಯದು ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಎಲ್ಲಾ ಗೋಡೆಗಳ ಯುವಿ ಮತ್ತೆ ಮಾಡಬೇಕಾಯಿತು.

ತುಂಡಿನ ಅಗಲ ಟೆಕ್ಸ್ಚರ್‌ನ ಅಗಲದಷ್ಟೇ ಇರಬೇಕು, ಇಲ್ಲವೇ ಅದರ ಎರಡು ಪಟ್ಟು, ಮೂರು ಪಟ್ಟು ಹೀಗೆ ಪೂರ್ತಿ ಪಟ್ಟು ಇರಬೇಕು. ಮೀಟರ್‌ಗೆ 512 ಪಿಕ್ಸೆಲ್ ಅಂತ ಇಟ್ಟುಕೊಳ್ಳಿ. ಆಗ 1024ರ ಗಾರೆ ಟೆಕ್ಸ್ಚರ್ 2 ಮೀಟರ್ ಆಗುತ್ತದೆ, 2048ರ ಟ್ರಿಮ್ ಶೀಟ್, ಅಂದರೆ ಹಲವು ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿದ ಒಂದೇ ಟೆಕ್ಸ್ಚರ್, 4 ಮೀಟರ್. ಗೋಡೆಗಳನ್ನು 2 ಮತ್ತು 4 ಮೀಟರ್‌ಗೆ ಮಾಡಿದರೆ ಹೇಗೆ ಜೋಡಿಸಿದರೂ ಗೆರೆ ಬರಲ್ಲ.

ಇನ್ನು ವಿಂಗಡಣೆ. ಎರಡೂ ದಿಕ್ಕಿಗೆ ಹರಡುವುದು ಟೈಲಿಂಗ್: ಗಾರೆ ಗೋಡೆ, ನೆಲ, ಮಾಡಿನ ಹೆಂಚು. ಉದ್ದಕ್ಕೆ ಮಾತ್ರ ಓಡುವುದು ಟ್ರಿಮ್: ತೊಲೆ, ಜಂತಿ, ಬಾಗಿಲುವಾಡ, ಹೊಸ್ತಿಲು, ಜಗಲಿ ಅಂಚಿನ ಕಲ್ಲು. ಕಂಬದ ತಲೆಯ ಮೇಲಿನ ಕೆತ್ತನೆಯ ಬೋದಿಗೆ ಎರಡಕ್ಕೂ ಒಗ್ಗಲ್ಲ, ಅದಕ್ಕೆ ಸ್ವಂತದ್ದೊಂದು ಸಣ್ಣ ಟೆಕ್ಸ್ಚರ್ ಕೊಡಿ. ಮೂರು ಟೈಲಿಂಗ್, ಒಂದು ಟ್ರಿಮ್, ಒಂದು ಬೋದಿಗೆ, ಈ ಐದಕ್ಕೂ ಬಣ್ಣ, ನಾರ್ಮಲ್, ರಫ್‌ನೆಸ್ ಅಂತ ಮೂರು ಮೂರು ಲೆಕ್ಕ ಹಾಕಿದರೂ ಒಟ್ಟು 15 ಫೈಲ್. ನಿಮ್ಮ ಈಗಿನ ದಾರಿಯಲ್ಲಿ 90 ಆಗುತ್ತಿತ್ತು.

ಟ್ರಿಮ್ ಶೀಟ್‌ಗೆ ಬ್ಲೆಂಡರ್‌ನಲ್ಲಿ 4×4 ಮೀಟರ್‌ನ ಒಂದು ಪ್ಲೇನ್ ಹಾಕಿ. ಅದರ ಮೇಲೆ ಅಡ್ಡ ಪಟ್ಟಿಗಳಾಗಿ ಹೈ-ಪಾಲಿ ಮಾಡಿ, ಪ್ಲೇನ್‌ಗೆ ಬೇಕ್ ಮಾಡಿ. 25 ಸೆಂಟಿಮೀಟರ್‌ನ ತೊಲೆಗೆ 128 ಪಿಕ್ಸೆಲ್, 50 ಸೆಂಟಿಮೀಟರ್‌ನ ಜಗಲಿ ಕಲ್ಲಿಗೆ 256. ಪಟ್ಟಿಗಳು ಎಡಬಲ ಎರಡೂ ಕಡೆ ಪ್ಲೇನ್ ದಾಟಿ ಹೋಗಬೇಕು. ಅದಕ್ಕೆ ಪಟ್ಟಿಯನ್ನು 4 ಮೀಟರ್ ಎಡಕ್ಕೆ ಸರಿಸಿ, `Array` ಮಾಡಿಫೈಯರ್‌ನಲ್ಲಿ `Relative Offset` ತೆಗೆದು, `Count` 3, `Constant Offset` X 4 ಮೀಟರ್ ಇಡಿ. ಆಗ ಬಲಕ್ಕೆ ಅರ್ಧ ಹೊರಗೆ ಹೋದ ಬಿರುಕು ಎಡದಿಂದ ಸರಿಯಾಗಿ ಒಳಗೆ ಬರುತ್ತದೆ. ಎರಡು ಪಟ್ಟಿಗಳ ನಡುವೆ 16 ಪಿಕ್ಸೆಲ್ ಬಿಟ್ಟು, ಆ ಜಾಗಕ್ಕೆ ಪಕ್ಕದ ಪಟ್ಟಿಯ ಬಣ್ಣವನ್ನೇ ಎಳೆದು ತುಂಬಿ. ಇಲ್ಲದಿದ್ದರೆ ದೂರದಿಂದ ನೋಡಿದಾಗ ಮಿಪ್‌ಮ್ಯಾಪ್‌ನಲ್ಲಿ ಕಲ್ಲಿನ ಬೂದಿ ಬಣ್ಣ ತೊಲೆಯ ಅಂಚಿಗೆ ಹತ್ತುತ್ತದೆ.

ನನಗೆ ತುಂಬಾ ಇಷ್ಟವಾದ ಭಾಗ ಪಟ್ಟಿಯ ಅಂಚಿನ ಬೆವೆಲ್. ಅಂಚಿಗೆ ಬರುವ ಹೊತ್ತಿಗೆ ಅದು 45 ಡಿಗ್ರಿ ಬಾಗಿರಬೇಕು. ತೊಲೆಯ ಲೋ-ಪಾಲಿ ಬರೀ ಡಬ್ಬದಂತಿರಲಿ. ಅದರ ಒಂದೊಂದು ಮುಖದ ಯುವಿಯನ್ನೂ ಪಟ್ಟಿಯ ಪೂರ್ತಿ ಅಗಲಕ್ಕೆ ಹರಡಿ. ಮೂಲೆಯಲ್ಲಿ ಎರಡು ಮುಖಗಳೂ ಒಂದೇ ದಿಕ್ಕಿಗೆ ಬಾಗಿದಂತಾಗಿ, ಬೆಳಕು ಉರುಟಾದ ಮರದ ಮೇಲೆ ಹರಿದ ಹಾಗೆ ಹರಿಯುತ್ತದೆ. ಒಂದೇ ಒಂದು ಪಾಲಿಗನ್ ಜಾಸ್ತಿ ಆಗಲ್ಲ! ಯುವಿ ಉದ್ದಕ್ಕೆ ಎಷ್ಟು ಬೇಕಾದರೂ ಶೀಟ್‌ನಿಂದ ಹೊರಗೆ ಹೋಗಲಿ, ಅಡ್ಡಕ್ಕೆ ಮಾತ್ರ ಪಟ್ಟಿ ದಾಟಬಾರದು.

2 ಮೀಟರ್‌ನ ತೊಲೆ ಎರಡನ್ನು ಜೋಡಿಸಿದರೆ ಮರದ ಎಳೆ ಅಲ್ಲಿ ತುಂಡಾಗುತ್ತದೆ ಅಲ್ವಾ, ಪಟ್ಟಿ 4 ಮೀಟರ್ ಇರುವುದರಿಂದ? ಆ ಜೋಡು ಬೋದಿಗೆಯ ಮೇಲೆಯೇ ಬರುವಂತೆ ಇಡಿ. ನಿಜವಾದ ಮನೆಯಲ್ಲೂ ಬಡಗಿ ತೊಲೆ ಕೂಡಿಸುವುದು ಕಂಬದ ಮೇಲೆಯೇ. ಅಲ್ಲಿ ಎಳೆ ಬದಲಾದರೆ ಯಾರಿಗೂ ತಪ್ಪು ಅನ್ನಿಸಲ್ಲ.

ಟ್ರಿಮ್‌ನಲ್ಲಿ ಮಳೆನೀರು ಇಳಿದ ಕಲೆ, ಕೆಳಗೆ ಕೂತ ಧೂಳು ಬರೆಯಬೇಡಿ. ತೊಲೆಗೆ ಹಾಕಿದ ಪಟ್ಟಿಯನ್ನೇ ತಿರುಗಿಸಿ ಬಾಗಿಲುವಾಡಕ್ಕೆ ಹಾಕಿದಾಗ ನೀರು ಅಡ್ಡಡ್ಡ ಹರಿದಂತೆ ಕಾಣುತ್ತದೆ. ದಿಕ್ಕು ಇರುವ ಕೊಳೆಯನ್ನೆಲ್ಲ ಆಮೇಲೆ ಮೇಲಿಂದ ಅಂಟಿಸುವ ಡೀಕಾಲ್‌ಗೆ ಬಿಡಿ.

ಗಾರೆ 2 ಮೀಟರ್‌ಗೇ ಮರುಕಳಿಸುವುದರಿಂದ ಅದರಲ್ಲಿ ಎದ್ದು ಕಾಣುವ ಕಲೆ ಒಂದೂ ಇರಬಾರದು. ಕ್ರಿಟಾದಲ್ಲಿ `W` ಒತ್ತಿದರೆ ಚಿತ್ರ ಸುತ್ತಲೂ ಮರುಕಳಿಸಿ ಕಾಣುತ್ತದೆ. ಪೂರ್ತಿ ದೂರ ಸರಿಸಿ, ಕಣ್ಣು ಕಿರಿದು ಮಾಡಿ ನೋಡಿ. ಚೌಕಟ್ಟು ಚೌಕಟ್ಟಾಗಿ ಏನಾದರೂ ಕಂಡರೆ ಅದನ್ನು ಅಳಿಸಿ. ಆಮೇಲೆ ಸುಣ್ಣ ಉದುರಿದ ಇನ್ನೊಂದು ಗಾರೆ ಮಾಡಿ, ವರ್ಟೆಕ್ಸ್ ಕಲರ್‌ನಿಂದ ಅಲ್ಲಲ್ಲಿ ಬೆರೆಸಿ. ಇದಕ್ಕೆ ಗೋಡೆಯಲ್ಲಿ ಸಾಕಷ್ಟು ವರ್ಟೆಕ್ಸ್ ಬೇಕು, ನಾನು 50 ಸೆಂಟಿಮೀಟರ್‌ಗೊಂದು ಗೆರೆ ಕತ್ತರಿಸುತ್ತೇನೆ. ಫೈಲ್‌ಗಳು 18 ಆಗುತ್ತವೆ, ಪರವಾಗಿಲ್ಲ.

30 ತುಂಡಿಗೂ ಒಟ್ಟಿಗೆ ಕೈ ಹಾಕಬೇಡಿ. ಎರಡು ಗೋಡೆ, ಎರಡು ತೊಲೆ, ಒಂದು ಬಾಗಿಲು ಮಾತ್ರ ಯುವಿ ಮಾಡಿ, ಎಂಜಿನ್‌ನಲ್ಲಿ ಜೋಡಿಸಿ ನೋಡಿ. ಯಾವುದಾದರೂ ಪಟ್ಟಿಯ ಅಗಲ ಸಾಲದು ಅಂತ ಗೊತ್ತಾದರೆ ಆಗಲೇ ಬದಲಾಯಿಸಿ. ಉಳಿದ ತುಂಡುಗಳ ಯುವಿ ಆದಮೇಲೆ ಪಟ್ಟಿ ಜರುಗಿಸಿದರೆ ಎಲ್ಲವನ್ನೂ ಮತ್ತೆ ಜರುಗಿಸಬೇಕಾಗುತ್ತದೆ.