'ನನಗೊಬ್ಬನಿಗೇ ಗೊತ್ತು' ಎನ್ನುವ ಪದ

ಪ್ರಶ್ನೆ: ನನಗೆ ಆಗಾಗ ಒಂದು ವಿಚಿತ್ರ ಅನುಭವ ಆಗುತ್ತದೆ, ಯಾರಿಗೂ ವಿವರಿಸಲು ಬರುವುದಿಲ್ಲ. ಅದಕ್ಕೆ ನಾನೇ 'ಟಿ' ಎಂದು ಹೆಸರಿಟ್ಟು, ಆದ ದಿನ ಡೈರಿಯಲ್ಲಿ ಬರೆದಿಡುತ್ತೇನೆ. ಅದರ ಅರ್ಥ ನನಗೊಬ್ಬನಿಗೇ ಗೊತ್ತು, ನನ್ನ ನೆನಪಿನ ಶಕ್ತಿಯೂ ಚೆನ್ನಾಗಿದೆ. ಖಾಸಗಿ ಭಾಷೆ ಸಾಧ್ಯವಿಲ್ಲ ಎಂದು ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಹೇಳಿದ್ದಾನಂತೆ. ನಾನು ಮಾಡುತ್ತಲೇ ಇದ್ದೀನಲ್ಲ?

ಈ ಡೈರಿಯನ್ನು ನಿಮಗಿಂತ ಮೊದಲು ಅವನೇ ತೆರೆದಿದ್ದಾನೆ. 'ಫಿಲಾಸಫಿಕಲ್ ಇನ್ವೆಸ್ಟಿಗೇಷನ್ಸ್' ಅಚ್ಚಾದದ್ದು 1953ರಲ್ಲಿ, ಅವನು ತೀರಿಕೊಂಡು ಎರಡು ವರ್ಷವಾದ ಮೇಲೆ. ಅದರ 258ನೇ ಪರಿಚ್ಛೇದದಲ್ಲಿ ನಿಮ್ಮ ಪ್ರಯೋಗವೇ ಇದೆ, ಅಕ್ಷರ ಮಾತ್ರ 'ಎಸ್'. ಇದೇ ಪ್ರಶ್ನೆ ಕಳಿಸುವವರಲ್ಲಿ ಹೆಚ್ಚಿನವರು ಆ ಅರ್ಧ ಪುಟವನ್ನು ಓದಿರುವುದಿಲ್ಲ. ಓದಿದವರು 'ನೆನಪು ಕೈಕೊಡಬಹುದು' ಎನ್ನುವುದೇ ಅದರ ಸಾರ ಎಂದುಕೊಂಡಿರುತ್ತಾರೆ. ಓದದೆ ಇರುವುದಕ್ಕಿಂತ ಆ ತಪ್ಪೇ ದೊಡ್ಡದು.

ಮೊದಲು ನಿಮ್ಮ 'ಟಿ' ನಿಜಕ್ಕೂ ಖಾಸಗಿಯೇ ನೋಡೋಣ. ಬೇರೆಯವರಿಗೆ ಗೊತ್ತಿಲ್ಲ ಎನ್ನುವುದು ಖಾಸಗಿತನವಲ್ಲ. ವಿಟ್‌ಗೆನ್‌ಸ್ಟೈನ್ ತನ್ನ ಟಿಪ್ಪಣಿ ಪುಸ್ತಕಗಳಲ್ಲಿ ಅಕ್ಷರಮಾಲೆಯನ್ನು ತಿರುವುಮುರುವು ಮಾಡಿ, 'ಎ' ಬದಲು 'ಝಡ್' ಹಾಕಿ ಗುಟ್ಟಾಗಿ ಬರೆದುಕೊಂಡದ್ದಿದೆ. ಅದು ಬರೀ ಗುಪ್ತಲಿಪಿ. ಕೀಲಿ ಸಿಕ್ಕವರು ಓದಿಬಿಟ್ಟರು. ವಾದ ಇರುವುದು ಇನ್ನೊಬ್ಬರಿಗೆ ಎಷ್ಟು ಹೇಳಿಕೊಟ್ಟರೂ ಅರ್ಥವಾಗಲು *ಸಾಧ್ಯವೇ ಇಲ್ಲದ* ಪದದ ಬಗ್ಗೆ.

ನೀವು ಅದನ್ನು 'ಅನುಭವ' ಎಂದಿರಿ. ಆ ಪದ ನಿಮ್ಮ ಸ್ವಂತದ್ದಲ್ಲ, ಊರಿನವರೆಲ್ಲ ಬಳಸುವಂಥದ್ದು. 'ವಿಚಿತ್ರ', 'ಆಗಾಗ' ಇವೂ ಹಾಗೇ. 'ಟಿ' ಒಂದು ಅನುಭವದ ಹೆಸರು ಎಂದ ಕೂಡಲೇ ಅದನ್ನು ಎಲ್ಲರ ಭಾಷೆಯಲ್ಲಿ ಒಂದು ಕಡೆ ಕೂರಿಸಿಬಿಟ್ಟಿರಿ. ಹಾಗಾಗಿ ಅವನ್ನೆಲ್ಲ ಕಿತ್ತುಹಾಕಿ. ಎಲ್ಲಿ ಆಗುತ್ತದೆ, ಏನು ತಿಂದಾಗ, ಯಾವ ಹೊತ್ತಿನಲ್ಲಿ ಎನ್ನುವುದು ಬೇಡ. ಮುಖ ಸಿಂಡರಿಸುವುದು, ಕೆರೆದುಕೊಳ್ಳುವುದು, ಕೂತುಬಿಡುವುದು ಯಾವುದೂ ಬೇಡ. ಕೊನೆಗೆ ಉಳಿಯುವುದು 'ಟಿ' ಎಂಬ ಗೀಟು ಮತ್ತು ಮನಸ್ಸಿನೊಳಗೆ ಬೆರಳು ಮಾಡಿ 'ಇದು' ಎಂದದ್ದು, ಇಷ್ಟೇ.

ಸೋಮವಾರ ನಿಮಗೇನೋ ಆಯಿತು. ಗಮನವನ್ನೆಲ್ಲ ಅದರ ಮೇಲಿಟ್ಟು 'ಇದು ಟಿ' ಅಂದುಕೊಂಡಿರಿ. ಗುರುವಾರ ಮತ್ತೇನೋ ಆಯಿತು, ಡೈರಿ ತೆಗೆದು 'ಟಿ' ಬರೆದಿರಿ. ಗುರುವಾರ ಬರೆದದ್ದು ಸರಿಯೋ ತಪ್ಪೋ?

ಇಲ್ಲಿ ಎಲ್ಲರೂ ಓಡುವುದು ನೆನಪಿನ ಕಡೆಗೆ. 1954ರಲ್ಲಿ ತತ್ತ್ವಜ್ಞಾನಿ ಎ. ಜೆ. ಏಯರ್ ಎತ್ತಿದ ಆಕ್ಷೇಪವೂ ಆ ದಾರಿಯದೇ: ಸಾರ್ವಜನಿಕ ವಿಷಯಗಳಲ್ಲೂ ಕೊನೆಗೆ ನಮ್ಮ ಕಣ್ಣನ್ನೋ ನೆನಪನ್ನೋ ನಂಬಲೇಬೇಕಲ್ಲ, ಡೈರಿ ಬರೆಯುವವನಿಗೆ ಮಾತ್ರ ಅದು ಯಾಕೆ ಸಲ್ಲದು? ವಾದ ನೆನಪಿನ ನಂಬಿಕೆಯ ಬಗ್ಗೆ ಆಗಿದ್ದರೆ ಏಯರ್ ಗೆದ್ದಂತೆಯೇ. ಆದರೆ ವಾದ ಅದಲ್ಲ, ಇದನ್ನು ಇನ್ನೊಬ್ಬ ತತ್ತ್ವಜ್ಞಾನಿ ಆಂಥನಿ ಕೆನ್ನಿ 1973ರಲ್ಲಿ ಬಿಡಿಸಿ ಹೇಳಿದ್ದಾನೆ. ನೆನಪು ತಪ್ಪಿತು ಎನ್ನಬೇಕಾದರೆ, ಸರಿಯಾಗಿ ನೆನಪಾಗುವುದು ಎಂದರೆ ಏನು ಎನ್ನುವುದು ಮೊದಲೇ ತೀರ್ಮಾನವಾಗಿರಬೇಕು. ಸೋಮವಾರ ಅದು ತೀರ್ಮಾನವಾಯಿತೇ ಎನ್ನುವುದೇ ಇಲ್ಲಿನ ಪ್ರಶ್ನೆ. ನಿಮ್ಮ ನೆನಪಿನ ಶಕ್ತಿಗೆ ಇಲ್ಲಿ ಕೆಲಸವೇ ಇಲ್ಲ.

ಸೋಮವಾರ ಏನು ನಡೆಯಿತು ನೋಡಿ. ಮಗುವಿಗೆ ಹಸು ತೋರಿಸಿ 'ಹಸು' ಎನ್ನುತ್ತೀರಿ. ನಿಮ್ಮ ಬೆರಳು ಪ್ರಾಣಿಯನ್ನು ತೋರಿಸಿತೋ, ಅದರ ಬಣ್ಣವನ್ನೋ, ಅದು ಮೇಯುತ್ತಿರುವುದನ್ನೋ? ಬೆರಳಿಗೆ ಅದನ್ನು ಹೇಳಲು ಬರುವುದಿಲ್ಲ. ಮಾರನೆಯ ದಿನ ಮಗು ಆಡನ್ನು ನೋಡಿ 'ಹಸು' ಎಂದಾಗ ನೀವು 'ಅಲ್ಲ ಪುಟ್ಟ, ಅದು ಆಡು' ಎನ್ನುತ್ತೀರಲ್ಲ, ಪದಕ್ಕೆ ಬೇಲಿ ಬೀಳುವುದು ಆ 'ಅಲ್ಲ'ದಿಂದ. ಒಳಗೆ ತೋರಿಸಿದ ಬೆರಳಿಗೆ ಹೀಗೆ 'ಅಲ್ಲ' ಎನ್ನುವವರಿಲ್ಲ. ಗುರುವಾರದ್ದು ಸೋಮವಾರದ್ದರ ಹಾಗೆ ಒಂದು ರೀತಿಯಲ್ಲಿ ಇದ್ದೀತು, ಇನ್ನೊಂದು ರೀತಿಯಲ್ಲಿ ಇಲ್ಲದಿದ್ದೀತು. ತೀವ್ರತೆ ಒಂದೇ ಆಗಿ ಬಗೆ ಬೇರೆಯಾದರೆ ಅದು 'ಟಿ'ಯೋ ಅಲ್ಲವೋ? ಸೋಮವಾರದ ಏಕಾಗ್ರತೆ ಎಷ್ಟೇ ಗಾಢವಾಗಿದ್ದರೂ ಇದಕ್ಕೆ ಉತ್ತರ ಬರೆದಿಟ್ಟಿಲ್ಲ. ಏಕಾಗ್ರತೆಯಿಂದ ನೋಡುವುದು ಒಂದು ಕೆಲಸ, 'ಅದೇ' ಎಂದರೆ ಏನು ಎಂದು ನಿಯಮ ಮಾಡುವುದು ಬೇರೆಯೇ ಕೆಲಸ.

ಸೋಮವಾರದ ಮಾದರಿಯನ್ನು ಮನಸ್ಸಿನಲ್ಲಿ ತೆಗೆದು ಗುರುವಾರದ್ದರ ಪಕ್ಕ ಇಟ್ಟು ನೋಡುತ್ತೇನೆ ಎನ್ನುವಿರಿ. ಯಾವ ಮಾದರಿಯನ್ನು ತೆಗೆಯುತ್ತೀರಿ? 'ಟಿಯ ಮಾದರಿ' ಎಂದು ಕರೆದಾಗ ಏನು ಬಂತೋ ಅದೇ ಮಾದರಿ. ಅಂದರೆ 'ಟಿ'ಗೆ ಏನರ್ಥ ಎಂದು ತಿಳಿಯಲು 'ಟಿ'ಯ ಅರ್ಥವನ್ನೇ ಬಳಸಿದಿರಿ. ರೈಲು ಎಷ್ಟು ಗಂಟೆಗೆ ಎನ್ನುವ ಅನುಮಾನ ಬಂದಾಗ ವೇಳಾಪಟ್ಟಿಯ ಪುಟವನ್ನು ಕಣ್ಣಮುಂದೆ ತಂದುಕೊಳ್ಳಬಹುದು. ಅದು ಪರೀಕ್ಷೆ ಎನಿಸಿಕೊಳ್ಳುವುದು ನಿಲ್ದಾಣದ ಗೋಡೆಯ ಮೇಲೆ ನಿಜವಾದ ಪಟ್ಟಿ ಇರುವುದರಿಂದ. ಅದಿಲ್ಲದಿದ್ದರೆ, ವಿಟ್‌ಗೆನ್‌ಸ್ಟೈನ್ ಹೇಳುವ ಹಾಗೆ, ಪತ್ರಿಕೆಯ ಸುದ್ದಿ ನಿಜವೇ ಎಂದು ನೋಡಲು ಅದೇ ಪತ್ರಿಕೆಯ ಇನ್ನಷ್ಟು ಪ್ರತಿ ಕೊಂಡ ಹಾಗೆ.

ಹೀಗಾಗಿ ಗುರುವಾರ 'ಅದೇ ಅನಿಸುತ್ತದೆ' ಎನ್ನುವುದಕ್ಕೂ 'ಅದೇ ಹೌದು' ಎನ್ನುವುದಕ್ಕೂ ನಡುವೆ ಜಾಗ ಉಳಿಯಲಿಲ್ಲ. ಇದನ್ನು ಕೇಳಿದವರು ಹಿಗ್ಗಿ, 'ಹಾಗಾದರೆ ನಾನು ಯಾವಾಗಲೂ ಸರಿ!' ಎಂದು ಬರೆಯುತ್ತಾರೆ. ಅಲ್ಲ ಸ್ವಾಮಿ. ಬಟ್ಟೆ ಅಂಗಡಿಯವನ ಹತ್ತಿರ ರಬ್ಬರಿನ ಮೀಟರ್ ಇದೆ, ಬಟ್ಟೆ ಎಷ್ಟು ಉದ್ದವಿದ್ದರೆ ಅಷ್ಟಕ್ಕೆ ಎಳೆದುಕೊಳ್ಳುತ್ತದೆ, ಪ್ರತಿ ಸಲವೂ 'ಸರಿಯಾಗಿ ಒಂದು ಮೀಟರ್' ಎನ್ನುತ್ತಾನೆ ಎಂದುಕೊಳ್ಳಿ. ಅವನು ತಪ್ಪೇ ಮಾಡದ ಅಳತೆಗಾರನಲ್ಲ, ಅವನು ಅಳೆಯುತ್ತಲೇ ಇಲ್ಲ.

ನಿಮ್ಮ ಡೈರಿಗೆ ಜೀವ ಬರಬೇಕಾದರೆ ಏನಾಗಬೇಕು ಎನ್ನುವುದೂ ಅಲ್ಲೇ, 270ರಲ್ಲಿದೆ. 'ಟಿ' ಬರೆದಾಗಲೆಲ್ಲ ರಕ್ತದೊತ್ತಡ ಅಳೆಯಿರಿ. ಮಾಮೂಲಿಗೆ ಮೇಲಿನ ಅಂಕಿ 120 ಇರುವವರಿಗೆ, ಹತ್ತು ಸಲದಲ್ಲಿ ಎಂಟು ಸಲ 140 ದಾಟಿತು ಎಂದಿಟ್ಟುಕೊಳ್ಳಿ. ಈಗ 'ಟಿ'ಗೆ ಉಪಯೋಗ ಹುಟ್ಟಿತು: ಯಂತ್ರ ನೋಡದೆಯೇ 'ಒತ್ತಡ ಏರಿರಬೇಕು' ಎನ್ನಬಲ್ಲಿರಿ. ಉಳಿದ ಎರಡು ಸಲ ನೀವು ಎಡವಿದಿರಿ ಎಂದೂ ಹೇಳಬಹುದು, ಏಕೆಂದರೆ ಅನಿಸಿದ್ದು ಬೇರೆ, ಆದದ್ದು ಬೇರೆ ಎಂದು ತೋರಿಸುವ ಮುಳ್ಳು ಒಂದಿದೆ. ಆದರೆ ಗಮನಿಸಿ, ಆ ಎಂಟು ಸಲ 'ಒಳಗಿನದನ್ನು ನಾನು ಸರಿಯಾಗಿಯೇ ಗುರುತಿಸಿದೆನೇ' ಎನ್ನುವ ಪ್ರಶ್ನೆಗೆ ಈಗ ಕಿಮ್ಮತ್ತಿಲ್ಲ. ಪ್ರತಿ ಸಲ ತಪ್ಪಾಗಿ ಗುರುತಿಸಿ, ಆದರೂ ಒತ್ತಡ ಏರಿದ್ದರೆ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ಒಳಗಿನ ಗುರುತಿಸುವಿಕೆ ಯಂತ್ರಕ್ಕೆ ಅಂಟಿಸಿದ ಅಲಂಕಾರದ ಗುಬುಟು. ತಿರುಗುತ್ತದೆ, ಯಾವುದಕ್ಕೂ ಜೋಡಣೆಯಾಗಿಲ್ಲ. (ಇದನ್ನು ಓದಿ 'ಟಿ' ನಂಬಿಕೊಂಡು ಮಾತ್ರೆ ಹೆಚ್ಚುಕಡಿಮೆ ಮಾಡಬೇಡಿ. ಹತ್ತರಲ್ಲಿ ಎರಡು ಸಲ ಎಡವುವುದು ತತ್ತ್ವಶಾಸ್ತ್ರಕ್ಕೆ ಸಾಕು, ಹೃದಯಕ್ಕೆ ಸಾಲದು. ಯಂತ್ರದ ಅಂಕಿಯನ್ನು ವೈದ್ಯರಿಗೆ ತೋರಿಸಿ.)

ಹಾಗಾದರೆ 'ನೋವು' ಎನ್ನುವ ಪದಕ್ಕೆ ಅರ್ಥ ಎಲ್ಲಿಂದ ಬಂತು? ಮಗು ಎಡವಿ ಬಿದ್ದು ಅಳುತ್ತದೆ, ದೊಡ್ಡವರು 'ನೋವಾಯ್ತಾ? ಎಲ್ಲಿ?' ಎಂದು ಮಾತು ಕೊಡುತ್ತಾರೆ. ಕೆಲವು ತಿಂಗಳಲ್ಲಿ ಅಳುವಿನ ಜಾಗದಲ್ಲಿ 'ನೋವು' ಬಂದು ಕೂರುತ್ತದೆ. ಪದ ಅಳುವನ್ನು ವರ್ಣಿಸುವುದಿಲ್ಲ, ಅದರ ಬದಲಿಗೆ ನಿಲ್ಲುತ್ತದೆ. ಮುಂದೆ ಕಲಿಯುವ ಸೂಕ್ಷ್ಮ ಪದಗಳನ್ನೂ ನೋಡಿ. 'ಉರಿ'ಯನ್ನು ಬೆಂಕಿಯಿಂದ ತಂದುಕೊಂಡೆವು, 'ಚುಚ್ಚುವ' ನೋವನ್ನು ಸೂಜಿ ಮುಳ್ಳುಗಳಿಂದ, 'ಸೆಳೆತ'ವನ್ನು ಎಳೆಯುವುದರಿಂದ, ಹೊಟ್ಟೆ 'ನುಲಿಯುವುದನ್ನು' ಹಗ್ಗದಿಂದ. ಒಳಗಿನದಕ್ಕೆ ಇಟ್ಟ ಹೆಸರುಗಳೆಲ್ಲ ಅಂಗಳದಿಂದ ತಂದವು. ಇಷ್ಟು ಕಲಿತ ಮೇಲೆ 'ನನಗೆ ತಲೆ ಸಿಡಿಯುತ್ತಿದೆ' ಎನ್ನಲು ನೀವು ಯಾವ ಪರೀಕ್ಷೆಯನ್ನೂ ಮಾಡಬೇಕಿಲ್ಲ. ಪರೀಕ್ಷೆ ಬೇಡ ಎನ್ನುವುದು ಈ ಪದ ಬಳಸುವ ರೀತಿಯ ಭಾಗವೇ, ನಿಮ್ಮ ಒಳಗಣ್ಣಿನ ಸಾಮರ್ಥ್ಯವಲ್ಲ.

ಪ್ರಶ್ನೆ: ಪ್ರತಿಯೊಬ್ಬರ ಡಬ್ಬಿಯಲ್ಲೂ ಒಂದು ಜೀರುಂಡೆ, ಯಾರೂ ಇನ್ನೊಬ್ಬರದ್ದನ್ನು ನೋಡುವಂತಿಲ್ಲ, ಡಬ್ಬಿ ಖಾಲಿಯಿದ್ದರೂ ನಡೆಯುತ್ತದೆ ಎನ್ನುತ್ತಾನೆ ವಿಟ್‌ಗೆನ್‌ಸ್ಟೈನ್. ಅಂದರೆ ನೋವೇ ಇಲ್ಲ ಎಂದಾಯಿತಲ್ಲ?

293ನೇ ಪರಿಚ್ಛೇದದ ಕೊನೆಯಲ್ಲಿ ಒಂದು ಷರತ್ತು ಇದೆ, ಅದನ್ನು ನುಂಗಿಬಿಟ್ಟಿದ್ದೀರಿ. ಸಂವೇದನೆಯ ಮಾತನ್ನು 'ವಸ್ತು ಮತ್ತು ಅದರ ಹೆಸರು' ಎಂಬ ಅಚ್ಚಿಗೆ ಹಾಕಿದರೆ *ಆಗ* ವಸ್ತು ಲೆಕ್ಕದಿಂದ ಬಿದ್ದುಹೋಗುತ್ತದೆ ಎನ್ನುತ್ತಾನೆ. ನೋವು ಬಿದ್ದುಹೋಗುವುದು ಅಸಂಬದ್ಧ, ಆದ್ದರಿಂದ ಆ ಅಚ್ಚೇ ತಪ್ಪು. 304ರಲ್ಲಿ, ನೋವು 'ಏನೋ ಒಂದು' ಅಲ್ಲ, 'ಏನೂ ಅಲ್ಲದ್ದು' ಕೂಡ ಅಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದ್ದಾನೆ. ಅವನನ್ನು ನೋವಿಲ್ಲ ಎನ್ನುವವರ ಸಾಲಿಗೆ ಸೇರಿಸುವುದನ್ನು ದಯವಿಟ್ಟು ನಿಲ್ಲಿಸಿ.

ಪ್ರಶ್ನೆ: ದ್ವೀಪದಲ್ಲಿ ಒಂಟಿಯಾಗಿದ್ದ ರಾಬಿನ್ಸನ್ ಕ್ರೂಸೋ ಮಾತಾಡುತ್ತಿರಲಿಲ್ಲವೇ?

ಒಂಟಿ ಬೇರೆ, ಖಾಸಗಿ ಬೇರೆ. ಅವನ ಮಾತು ಕೇಳಿದ್ದರೆ ನಿಮಗೆ ಅರ್ಥವಾಗುತ್ತಿತ್ತು.

ಪ್ರಶ್ನೆ: ಆಸ್ಪತ್ರೆಯಲ್ಲಿ 'ನೋವಿಗೆ 0ಯಿಂದ 10ರವರೆಗೆ ಎಷ್ಟು ಅಂಕ' ಎಂದು ಕೇಳುತ್ತಾರೆ. ಅದು ಖಾಸಗಿ ಅಳತೆಯಲ್ಲವೇ?

ಅಲ್ಲ. ಎರಡು ತುದಿಗಳನ್ನು ಮಾತಿನಲ್ಲಿ ಹೇಳಿಕೊಟ್ಟಿರುತ್ತಾರೆ: 0 ಎಂದರೆ ನೋವಿಲ್ಲ, 10 ಎಂದರೆ ಊಹಿಸಬಹುದಾದ ಅತಿ ಕೆಟ್ಟ ನೋವು. ನೀವು 'ಒಂಬತ್ತು' ಎಂದು ನಗುತ್ತಾ ಫೋನಿನಲ್ಲಿ ಹರಟುತ್ತಿದ್ದರೆ, ಅಂಕಿಯ ಅರ್ಥ ನಿಮಗೆ ಆಗಿದೆಯೇ ಎಂದು ನರ್ಸ್ ಮತ್ತೆ ಕೇಳುತ್ತಾರೆ. ಹಾಗೆ ಕೇಳಲು ಆಗುತ್ತದೆ ಎನ್ನುವುದೇ ಅದು ಖಾಸಗಿ ಅಲ್ಲ ಎನ್ನುವುದಕ್ಕೆ ಗುರುತು. ನಿಮ್ಮ 6 ಪಕ್ಕದ ಹಾಸಿಗೆಯವರ 6ಕ್ಕೆ ಸಮವೇ ಎನ್ನುವ ಜಗಳ ಬೇಡ. ನಿನ್ನೆಯ ನಿಮ್ಮ 7, ಮಾತ್ರೆ ನುಂಗಿದ ಮೇಲೆ 4 ಆಯಿತೇ, ನಿದ್ದೆ ಬಂತೇ ಎನ್ನುವುದು ಅವರಿಗೆ ಬೇಕು.

ಪ್ರಶ್ನೆ: ತತ್ತ್ವಜ್ಞಾನಿ ಕ್ರಿಪ್ಕಿ ಹೇಳುವ ಹಾಗೆ ಸಮುದಾಯ ಒಪ್ಪಿದ್ದೇ ಸರಿ ಎಂದು ತಾನೇ ಇದರ ತೀರ್ಪು?

ವಿಟ್‌ಗೆನ್‌ಸ್ಟೈನ್ ಬಗ್ಗೆ ಕ್ರಿಪ್ಕಿ ಬರೆದ 1982ರ ಪುಸ್ತಕ ಜಾಣತನದ್ದು, ಆದರೆ ಅದರಲ್ಲಿರುವುದು ಹೆಚ್ಚಾಗಿ ಕ್ರಿಪ್ಕಿಯೇ. ವಿಟ್‌ಗೆನ್‌ಸ್ಟೈನ್ ವ್ಯಾಖ್ಯಾನಕಾರರಾದ ಬೇಕರ್ ಮತ್ತು ಹ್ಯಾಕರ್ 1984ರಲ್ಲೇ ಅದನ್ನು ಕಟುವಾಗಿ ವಿರೋಧಿಸಿದರು. ಜನರೆಲ್ಲ ಸೇರಿ ಕೈ ಎತ್ತಿದರೆ ಸರಿ ಹುಟ್ಟುತ್ತದೆ ಎಂದಾದರೆ, ರಬ್ಬರ್ ಮೀಟರನ್ನು ಒಬ್ಬನ ಬದಲು ನೂರು ಜನ ಹಿಡಿದಂತಾಗುತ್ತದೆ.

ಪ್ರಶ್ನೆ: ನಾನು ನೋಡುವ ಕೆಂಪು ನಿಮಗೆ ಹಸಿರಾಗಿ ಕಾಣುತ್ತಿರಬಹುದಲ್ಲ?

ಮೊದಲ ಪ್ರಶ್ನೆಯ ಉತ್ತರವನ್ನು ಇನ್ನೊಮ್ಮೆ ಓದಿ, 'ಟಿ' ಇದ್ದ ಕಡೆ 'ಕೆಂಪು' ಹಾಕಿಕೊಳ್ಳಿ.

ಪ್ರಶ್ನೆ: ಒಂದು ಶಿಬಿರದಲ್ಲಿ 'ನಿಮ್ಮ ಒಳಗಿನ ಕಂಪನಕ್ಕೆ ನೀವೇ ಪ್ರಮಾಣ, ಅದರ ಭಾಷೆ ನಿಮಗೊಬ್ಬರಿಗೇ ಗೊತ್ತು' ಎಂದು ಕಲಿಸುತ್ತಾರೆ. ಸೇರಬಹುದೇ?

ನಿಮ್ಮೊಬ್ಬರಿಗೇ ಗೊತ್ತಿರುವುದನ್ನು ಅವರು ಶುಲ್ಕ ತೆಗೆದುಕೊಂಡು ಕಲಿಸುವುದು ಹೇಗೆಂದು ನೋಂದಣಿಯ ಮೇಜಿನಲ್ಲೇ ಕೇಳಿ.