ಕಂಪನಿ ಶುರುವಾದ ವರ್ಷ: ಯಾವುದನ್ನು ನಂಬೋದು?

ತುಮಕೂರಿನ ವಸಂತನರಸಾಪುರದ ಒಂದು ಕಂಪನಿ ಶುರುವಾಗಿದ್ದು 1994 ಅಂತ ಗೂಗಲ್ ಹುಡುಕಾಟದಲ್ಲಿ ಬರೋ ಮಾಹಿತಿ ಚೌಕ ತೋರಿಸುತ್ತೆ. ಕಂಪನಿ ಮಾಹಿತಿ ಕೊಡೋ ಸೈಟ್ 2011 ಅನ್ನುತ್ತೆ. ಯಾವುದು ಸರಿ?

ಎರಡೂ ಸರಿ ಇರಬಹುದು. ಕಂಪನಿಯ 21 ಅಕ್ಷರದ ಸಿಐಎನ್, ಅಂದರೆ ನೋಂದಣಿ ಆದಾಗ ಸಿಗೋ ಗುರುತಿನ ಸಂಖ್ಯೆ ನೋಡಿ. ಅದರ ನಡುವೆ `KA2011PTC` ಇದ್ದರೆ, ಕಂಪನಿಯಾಗಿ ನೋಂದಣಿ ಆಗಿದ್ದು 2011ರಲ್ಲಿ. ಅದಕ್ಕೂ ಮುಂಚೆ ಅದೇ ವ್ಯಾಪಾರ ಪಾಲುದಾರಿಕೆಯಲ್ಲಿ ನಡೆದಿರಬಹುದು, ಅಲ್ವಾ? ಹಾಗಿದ್ದರೆ ಹಳೆಯ ಪಾಲುದಾರಿಕೆ ಪತ್ರ ಕೇಳಿ.

ಗೂಗಲ್‌ನ ಆ ಚೌಕಕ್ಕೆ ವರ್ಷ ಎಷ್ಟೋ ಸಲ ವಿಕಿಪೀಡಿಯದಿಂದ ಬರುತ್ತೆ. ಅಲ್ಲಿ ಅಡಿಟಿಪ್ಪಣಿ ಕಂಪನಿಯದೇ ವೆಬ್‌ಸೈಟಿಗೆ ಹೋದರೆ, ಅದು ಕಂಪನಿಯ ಮಾತು ಅಷ್ಟೇ. ಎರಡು ಕಡೆ ಒಂದೇ ವರ್ಷ ಇದೆ ಅಂತ ಸುಮ್ನೆ ನಂಬಬೇಡಿ.

ಮಾಹಿತಿ ಸೈಟ್‌ಗಳು ಸರ್ಕಾರಿ ದಾಖಲೆಯನ್ನೇ ನಕಲು ಮಾಡುತ್ತವೆ. ನೋಂದಣಿ ವರ್ಷ ಬದಲಾಗಲ್ಲ, ಹಾಗಾಗಿ ಅದು ಸಾಮಾನ್ಯವಾಗಿ ಸರಿಯಿರುತ್ತೆ. ನಿರ್ದೇಶಕರ ಹೆಸರು ಮಾತ್ರ ಹಳೆಯದಾಗಿರಬಹುದು. ಅದನ್ನು ಕೇಂದ್ರ ಸರ್ಕಾರದ ಕಂಪನಿ ವ್ಯವಹಾರಗಳ ಸಚಿವಾಲಯದ ಸೈಟ್ `mca.gov.in`ನಲ್ಲೇ ನೋಡಿ.